ಬಟವಾಡೆ

"ಮುಂದಿನ ತಿಂಗಳಿಂದ ಬಟವಾಡೆ ಕೈಗೆ ಕೊಡಲ್ಲ. ಎಲ್ಲಾರೂ ಬ್ಯಾಂಕಲ್ಲಿ ಖಾತೆ ಮಾಡಿಸ್ಕೊಂಡು ಬನ್ನಿ" ಎಂದು ಡೇರಿ ಕಾರ್ಯದರ್ಶಿ ಹೇಳಿದ ದಿನದಿಂದ ಮುನಿವೆಂಕಟಪ್ಪನಿಗೆ ಸರಿಯಾಗಿ ನಿದ್ದೆ ಇರಲಿಲ್ಲ. ಅದು 2014ರ ಡಿಸೆಂಬರ್. ಜನಧನ್ ಖಾತೆಗೆ ಒಂದು ರೂಪಾಯಿಯೂ ಬೇಕಾಗಿಲ್ಲ ಎಂದು ಊರೆಲ್ಲ ಮಾತು. ದುಡ್ಡಿಲ್ಲದೆ ಯಾವನು ಖಾತೆ ಕೊಡ್ತಾನೆ, ಇದರಲ್ಲಿ ಏನೋ ಇದೆ ಅನ್ನುವುದು ಅವನ ಅನುಮಾನ. ಚೀಟಿ ನಡೆಸುತ್ತಿದ್ದವನೊಬ್ಬ ಮೂರು ವರ್ಷದ ಹಿಂದೆ ರಾತ್ರೋರಾತ್ರಿ ಊರು ಬಿಟ್ಟಾಗ ಇವನ ನಲವತ್ತು ಸಾವಿರವೂ ಅವನ ಜೊತೆಗೇ ಹೋಗಿತ್ತು.

"ನಾನೂ ಬರ್ತೀನಿ" ಎಂದಳು ಹೆಂಡತಿ.

"ನೀನ್ಯಾಕೆ? ಬ್ಯಾಂಕೇನು ಜಾತ್ರೆನಾ?"

ಅವಳು ಮತ್ತೆ ಕೇಳಲಿಲ್ಲ. ರಾಗಿ ಡಬ್ಬದೊಳಗೆ ಕೈ ಹಾಕಿ ಐನೂರರ ಒಂದು ನೋಟು ತೆಗೆದು, ಹಿಟ್ಟು ಒದರಿ ಕೊಟ್ಟಳು. "ಬರಿಗೈಲಿ ಹೋಗ್ಬೇಡ. ಐದು ಗಂಟೆಗೆ ಹಾಲಿನ ಹೊತ್ತು, ನೆನಪಿರ್ಲಿ."

ಕೈವಾರದ ಕಡೆಯಿಂದ ಚಿಂತಾಮಣಿಗೆ ಬರುವ ಬಸ್ಸಿನಲ್ಲಿ ಟೊಮೇಟೊ ಕ್ರೇಟುಗಳ ಮಧ್ಯೆ ನಿಂತೇ ಬಂದ. ಒಗೆದ ಪಂಚೆ, ಹೆಗಲ ಮೇಲೆ ಟವೆಲ್ಲು, ಕಂಕುಳಲ್ಲಿ ಪ್ಲಾಸ್ಟಿಕ್ ಕವರು. ಕವರಿನಲ್ಲಿ ಆಧಾರ್, ರೇಷನ್ ಕಾರ್ಡು, ಪಹಣಿ, ಎರಡು ಫೋಟೋ. ಯಾವುದಕ್ಕೂ ಇರಲಿ ಎಂದು ಕರೆಂಟ್ ಬಿಲ್ಲು, ಡೇರಿಯ ಹಾಲಿನ ಪುಸ್ತಕವೂ ಇತ್ತು. ಸರ್ಕಾರದ ಬಾಗಿಲಿಗೆ ಹೋಗುವವನು ಒಂದು ಕಾಗದ ಜಾಸ್ತಿ ಇಟ್ಟುಕೊಂಡೇ ಹೋಗಬೇಕು ಅನ್ನುವುದು ತಾಲ್ಲೂಕು ಆಫೀಸು ಕಲಿಸಿದ ಪಾಠ.

ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದವನನ್ನು ಕಂಡು ಚಪ್ಪಲಿ ಬಿಟ್ಟ.

"ಹಾಕ್ಕೊಂಡೇ ಬಾ ಯಜಮಾನ, ಆಮೇಲೆ ಕಳಕೊಂಡ್ರೆ ನನ್ನ ಕೇಳ್ಬೇಡ" ಎಂದ ಕೋವಿಯವನು.

ಮತ್ತೆ ಹಾಕಿಕೊಂಡ.

ಒಳಗೆ ಜನವೋ ಜನ. ಎಲ್ಲರ ಕೈಯಲ್ಲೂ ಅದೇ ಫಾರಂ. ಬರೆಯಲು ಬಾರದವರು ಬರೆಯುವವರನ್ನು ಹುಡುಕುತ್ತಿದ್ದರು. ಕಾಲೇಜು ಹುಡುಗನೊಬ್ಬ ಬೆಂಚಿನ ತುದಿಯಲ್ಲಿ ಕೂತು ಸಾಲಾಗಿ ಎಲ್ಲರದೂ ತುಂಬುತ್ತಿದ್ದ. ದುಡ್ಡು ಕೇಳುತ್ತಿರಲಿಲ್ಲ, ಪೆನ್ನನ್ನು ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ.

"ಹುಟ್ಟಿದ ದಿನ ಜನವರಿ ಒಂದಾ ತಾತ?"

"ಆಧಾರ್‌ನೋರು ಹಾಗೆ ಬರ್ಕೊಂಡ್ರಪ್ಪ. ನಮ್ಮಮ್ಮ ಕಡಲೇಕಾಯಿ ಕೀಳೋ ಕಾಲ ಅಂತಿದ್ಳು."

"ಈ ಸಾಲಲ್ಲಿ ಎಲ್ಲಾರೂ ಜನವರಿ ಒಂದೇ" ಎಂದು ಹುಡುಗ ನಕ್ಕ. "ನಾಮಿನಿ ಯಾರು? ಅಂದ್ರೆ, ನಿಮಗೇನಾದ್ರೂ ಆದ್ರೆ ದುಡ್ಡು ಯಾರಿಗೆ?"

"ನಮ್ಮನೆಯವಳಿಗೆ."

"ಹೆಸರು?"

ಮುನಿವೆಂಕಟಪ್ಪ ಅತ್ತ ಇತ್ತ ನೋಡಿದ. ಮದುವೆಯಾಗಿ ಮೂವತ್ತೈದು ವರ್ಷ. 'ಲೇ' ಅಂದಿದ್ದಾನೆ, 'ಇವಳೇ' ಅಂದಿದ್ದಾನೆ, ಮಗ ಹುಟ್ಟಿದ ಮೇಲೆ 'ಮಂಜನ ಅಮ್ಮಾ' ಅಂದಿದ್ದಾನೆ. ಹುಡುಗನ ಕಿವಿಯ ಹತ್ತಿರ ಬಗ್ಗಿದ. "ನಾರಾಯಣಮ್ಮ."

"ಏನು?"

"ನಾರಾಯಣಮ್ಮ!" ಸ್ವಲ್ಪ ಜೋರಾಗಿಯೇ ಬಂತು. ಮುಂದಿನ ಸಾಲಿನ ಹೆಂಗಸೊಬ್ಬಳು ತನ್ನನ್ನೇ ಕರೆದರೇನೋ ಎಂದು ತಿರುಗಿ ನೋಡಿದಳು.

ಕೌಂಟರಿನಲ್ಲಿ ಕೂತಿದ್ದವನು ಕನ್ನಡಕ ಹಾಕಿದ ಚಿಕ್ಕ ವಯಸ್ಸಿನವನು. ಮುಂದಿದ್ದ ಗಿರಾಕಿಗೆ ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆಯಲ್ಲಿ ಏನೋ ಹೇಳಿ ಸುಸ್ತಾಗಿದ್ದ. ಕರ್ನೂಲಿನವನಂತೆ, ಬಂದು ಎರಡೇ ತಿಂಗಳಂತೆ, ಕನ್ನಡ ಬರಲ್ಲವಂತೆ ಎಂದು ಸಾಲಿನಲ್ಲಿ ಗೊಣಗಾಟ. ಮುನಿವೆಂಕಟಪ್ಪನಿಗೆ ಬೆಳಗ್ಗೆಯಿಂದ ಮೊದಲ ಸಲ ಉಸಿರು ಸರಾಗವಾಯಿತು. ಮನೆಯಲ್ಲಿ ಆಡುವುದೇ ತೆಲುಗು!

"ಖಾತಾ ಕಾವಾಲ ಸಾಮಿ" ಎಂದ.

ಕೌಂಟರಿನ ಹುಡುಗನ ಮುಖ ಅರಳಿತು. "ಕೂರ್ಚೋಂಡಿ ಪೆದ್ದಾಯನಾ!"

ಕುರ್ಚಿ ಸಿಕ್ಕಿತು. ಅಲ್ಲಿಂದಾಚೆಗೆ ಇಬ್ಬರ ಮಾತೂ ತೆಲುಗಿನಲ್ಲೇ. ಮೂರು ಕಡೆ ಸಹಿ ಹಾಕು ಎಂದಾಗ ಬೆವರು ಬಂತು. ಸಾಕ್ಷರತೆಯವರ ರಾತ್ರಿ ಶಾಲೆಯಲ್ಲಿ ಕಲಿತ ಸಹಿ ಅದು. ಒಂದು ಕಡೆ 'ಮುನಿವೆಂಕಟಪ್ಪ' ಬಂತು. ಇನ್ನೊಂದು ಕಡೆ 'ಪ'ದ ಒತ್ತು ಎಲ್ಲೋ ಹಾರಿಹೋಯಿತು. ಮೂರನೆಯದರಲ್ಲಿ ಜಾಗ ಸಾಲದೆ 'ಪ್ಪ' ಗೆರೆಯಾಚೆ ಇಳಿಯಿತು. ಹುಡುಗ ಮೂರನ್ನೂ ನೋಡಿ, "ಯಾವುದು ನಿಮ್ಮದು?" ಎಂದ. "ಮೂರೂ ನಂದೇ" ಎಂದ ಇವನು. ಕೊನೆಗೆ ಹೊಸ ಫಾರಂ ತಂದು, ನಿಧಾನವಾಗಿ ಹಾಕಿಸಿಕೊಂಡ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ ಸಾಮಿ. ನೀವೂ ಒಂದು ರಾತ್ರಿ ಬೀಗ ಹಾಕ್ಕೊಂಡು ಹೋದ್ರೆ?"

ಹುಡುಗ ನಗಲಿಲ್ಲ. ಬ್ಯಾಂಕು ಮುಳುಗಿದರೂ ಒಬ್ಬರಿಗೆ ಒಂದು ಲಕ್ಷದವರೆಗೆ ವಿಮೆ ಇರುತ್ತದೆ, ಚೀಟಿಯವನ ಹತ್ತಿರ ಅದು ಇರುವುದಿಲ್ಲ ಎಂದು ಬಿಡಿಸಿ ಹೇಳಿದ. ರುಪೇ ಕಾರ್ಡು ಬರುತ್ತದೆ, ಅದರ ನಂಬರು ಯಾರಿಗೂ ಹೇಳಬೇಡಿ, ಬ್ಯಾಂಕಿನಿಂದ ಅಂತ ಫೋನ್ ಮಾಡಿದವರಿಗೂ ಹೇಳಬೇಡಿ ಎಂದ.

"ನಿಮಗೂ?"

"ನನಗೂ."

ಆ ಮಾತು ಮುನಿವೆಂಕಟಪ್ಪನಿಗೆ ಹಿಡಿಸಿತು. ಐನೂರರ ನೋಟು ತೆಗೆದುಕೊಟ್ಟ. ಮೆಷಿನ್ನು ಕಿರ್ರೆಂದಿತು. ಪಾಸ್‌ಬುಕ್ಕಿನಲ್ಲಿ 500 ಎಂದು ಕಪ್ಪಗೆ ಬಿತ್ತು.

"ಸರಿ, ಇನ್ನು ಹಾಲಿನ ದುಡ್ಡು ಇಲ್ಲಿಗೇ ಬರುತ್ತಲ್ವಾ?" ಎನ್ನುತ್ತ ಡೇರಿ ಪುಸ್ತಕವನ್ನು ಮುಂದೆ ಸರಿಸಿದ. ಹುಡುಗನಿಗೆ ಕನ್ನಡ ಮಾತು ಬಾರದಿದ್ದರೂ ಅಕ್ಷರಗಳು ಸುಮಾರಾಗಿ ತಿಳಿಯುತ್ತಿದ್ದವು. ತೆಲುಗಿನವರಿಗೆ ಅಷ್ಟು ಕಷ್ಟವೇನಲ್ಲ. ಬೆರಳಿಟ್ಟು ಕೂಡಿಸಿ ಓದಿದ.

"ಪೆದ್ದಾಯನಾ, ಇದರಲ್ಲಿ ಸದಸ್ಯರು ನಾರಾಯಣಮ್ಮ ಅಂತ ಇದೆ."

"ಹೌದು. ನಮ್ಮನೆಯವಳು."

"ಹಾಗಿದ್ರೆ ದುಡ್ಡು ಬೀಳೋದು ಅವರ ಖಾತೆಗೆ. ನಿಮ್ಮ ಖಾತೆಗಲ್ಲ. ಅವರೇ ಬರಬೇಕು."

ಮುನಿವೆಂಕಟಪ್ಪ ಪುಸ್ತಕ ತೆಗೆದುಕೊಂಡು ತಾನೇ ಓದಿದ. ಆರು ವರ್ಷದಿಂದ ಅದನ್ನು ಹಿಡಿದುಕೊಂಡು ಡೇರಿಗೆ ಹೋಗಿ, ದುಡ್ಡು ಎಣಿಸಿಕೊಂಡು ಬಂದವನು ಅವನೇ. ಹಸು ತಂದಾಗ ಸಂಘದವರು ಹೆಂಗಸರ ಹೆಸರಲ್ಲಿ ಮಾಡಿಸಿ ಎಂದಿದ್ದರು, ಮಾಡಿಸಿದ್ದ, ಮರೆತಿದ್ದ.

"ಹಾಗಾದ್ರೆ ಇದು ದಂಡವಾ?"

"ಯಾಕೆ ದಂಡ? ಪಹಣಿ ನಿಮ್ಮ ಹೆಸರಲ್ಲಿದೆ. ನಾಳೆ ಬೆಳೆಸಾಲ ಅಂತ ಬಂದ್ರೆ ನಿಮ್ಮ ಖಾತೆ ಬೇಕು." ಹುಡುಗ ಇನ್ನೊಂದು ಫಾರಂ ಕವರಿನೊಳಗೆ ತಾನೇ ಇಟ್ಟ. "ನಾಳೇನೇ ಕರ್ಕೊಂಡು ಬನ್ನಿ."

ಮೂರೂವರೆಯ ಬಸ್ಸು ತಪ್ಪಿತು. ಮುಂದಿನದು ಹತ್ತಿ ಊರು ಸೇರುವಾಗ ಐದು ಗಂಟೆ ಆಗಿಹೋಗಿತ್ತು. ನಾರಾಯಣಮ್ಮ ಕೊಟ್ಟಿಗೆಯಲ್ಲಿ ಹಸುವಿನ ಕೆಚ್ಚಲು ತೊಳೆಯುತ್ತಿದ್ದಳು.

"ಆಯ್ತಾ?"

"ಆಯ್ತು." ಪಾಸ್‌ಬುಕ್ಕು ತೋರಿಸಿದ. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಈಸಿಕೊಂಡಳು. ಫೋಟೋ ನೋಡಿದಳು.

"ನನ್ನ ಐನೂರು ಇದರಲ್ಲಿದ್ಯಾ?"

"ಇದೆ." ಟವೆಲ್ಲಿನಿಂದ ಮುಖ ಒರೆಸಿಕೊಂಡ. "ನಾಳೆ ನೀನೂ ಬರ್ಬೇಕಂತೆ. ಹಾಲಿನ ಖಾತೆ ನಿನ್ನ ಹೆಸರಲ್ಲೇ ಆಗ್ಬೇಕಂತೆ."

ಜಾತ್ರೆಯ ಮಾತು ಅವಳು ಎತ್ತಲಿಲ್ಲ. ಎತ್ತಿದ್ದರೇ ಅವನಿಗೆ ಹಗುರಾಗುತ್ತಿತ್ತು. ಒಂದು ಗಳಿಗೆ ಬಿಟ್ಟು ಕೇಳಿದಳು, "ಬಸ್ಸು ತಪ್ಪಿದ್ರೆ ಸಾಯಂಕಾಲ ಹಾಲು ಕರೆಯೋರ್ಯಾರು?"

"ನಾವಿಬ್ರೂ ಬರೋದು ತಡ ಆದ್ರೆ ಮಂಜ ಕರೀತಾನೆ."

"ಮಂಜನಾ? ಅವನಿಗೆ ಕರೆಯಕ್ಕೆ ಯಾರು ಕಲಿಸಿದ್ರು?"

ಅವನ ಹತ್ತಿರ ಉತ್ತರವಿರಲಿಲ್ಲ. ಅವಳು ಎದ್ದು ಬಕೆಟ್ಟನ್ನು ಅವನ ಕಡೆ ತಳ್ಳಿದಳು. "ನಾಳೆ ಬೆಳಗ್ಗೆ ನಾನು ಬೇಗ ತಲೆಗೆ ನೀರು ಹಾಕ್ಕೋಬೇಕು. ಬೆಳಗಿನ ಹಾಲು ನೀನೇ ಕರಿ. ಈಗ ಸ್ವಲ್ಪ ಕೈ ಪಳಗಿಸ್ಕೋ."

ಮುನಿವೆಂಕಟಪ್ಪ ಪಂಚೆ ಎತ್ತಿಕಟ್ಟಿ ಕುಕ್ಕರಗಾಲಲ್ಲಿ ಕೂತ. ಕೆಚ್ಚಲಿಗೆ ಕೈ ತಾಗಿಸುತ್ತಲೇ ಹಸು ಮೇವು ತಿನ್ನುವುದನ್ನು ಬಿಟ್ಟು, ಕತ್ತು ತಿರುಗಿಸಿ, ಇದ್ಯಾರು ಎಂದು ನೋಡಿತು.