ಕೊಡಗಿನ ಕಾಫಿ ಎಲೆ ತುಕ್ಕು ಗುರುತಿಸುವಿಕೆ: ಪ್ರಯೋಗದ ವಿವರ ಮತ್ತು ಅಬ್ಲೇಶನ್

4. ಪ್ರಯೋಗದ ವಿವರ

ಡೇಟಾ. ಸೋಮವಾರಪೇಟೆ, ಮಡಿಕೇರಿ ಮತ್ತು ವಿರಾಜಪೇಟೆ ಕಡೆಯ 24 ತೋಟಗಳಲ್ಲಿ ಫೋನಿನಿಂದ ತೆಗೆದ 6,240 ಚಿತ್ರಗಳನ್ನು ಬಳಸಿದ್ದೇವೆ. ವರ್ಗಗಳು ಮೂರು: ಎಲೆ ತುಕ್ಕು, ಕಂದು ಕಣ್ಣು ಚುಕ್ಕೆ, ಆರೋಗ್ಯವಂತ ಎಲೆ. ಇಬ್ಬರು ಬೇರೆ ಬೇರೆಯಾಗಿ ಲೇಬಲ್ ಹಾಕಿದರು. ಒಮ್ಮತ ಇಲ್ಲದ ಕಡೆ ಮೂರನೆಯವರು ತೀರ್ಮಾನಿಸಿದರು. ಮೂವರಿಗೂ ಮಾದರಿಯ ಉತ್ತರ ತೋರಿಸಿಲ್ಲ.

ಡೇಟಾವನ್ನು ಚಿತ್ರದ ಲೆಕ್ಕದಲ್ಲಿ ಹಂಚದೆ ತೋಟದ ಲೆಕ್ಕದಲ್ಲಿ ಹಂಚಿದ್ದೇವೆ. ತರಬೇತಿಗೆ 16 ತೋಟ (4,160 ಚಿತ್ರ), ವ್ಯಾಲಿಡೇಶನ್‌ಗೆ 3 (780), ಪರೀಕ್ಷೆಗೆ 5 (1,300). ಒಂದೇ ಗಿಡದ ಹತ್ತಾರು ಚಿತ್ರಗಳು ನಮ್ಮಲ್ಲಿವೆ. ಚಿತ್ರಗಳನ್ನು ಸುಮ್ನೆ ಕಲಸಿ ಹಂಚಿದರೆ ಅದೇ ಗಿಡ ತರಬೇತಿಯಲ್ಲೂ ಪರೀಕ್ಷೆಯಲ್ಲೂ ಬರುತ್ತದೆ. ಹಾಗೆ ಹಂಚಿ ನೋಡಿದಾಗ ನಮ್ಮ ಮಾದರಿಯ ಮ್ಯಾಕ್ರೋ ಎಫ್1 94.6 ಬಂತು. ಇದು ಹೊಸ ತೋಟಕ್ಕೆ ಹೋದಾಗ ಸಿಗುವ ಅಂಕ ಅಲ್ಲ. ಆದ್ದರಿಂದ ಮುಂದಿನ ಯಾವ ಹೋಲಿಕೆಯಲ್ಲೂ ಅದನ್ನು ಬಳಸಿಲ್ಲ.

ತರಬೇತಿ. ಎಲ್ಲ ಮಾದರಿಗಳೂ ಇಮೇಜ್‌ನೆಟ್ ತೂಕಗಳಿಂದಲೇ ಶುರುವಾಗುತ್ತವೆ. ಚಿತ್ರದ ಗಾತ್ರ 224×224, ಆಪ್ಟಿಮೈಸರ್ ಆಡಮ್‌ಡಬ್ಲ್ಯೂ, 40 ಎಪಾಕ್, ಲೇಬಲ್ ಸ್ಮೂದಿಂಗ್ 0.1. ಲರ್ನಿಂಗ್ ರೇಟ್ ಮತ್ತು ವೇಟ್ ಡಿಕೇಗೆ ಪ್ರತಿ ಮಾದರಿಗೂ 20 ಜೋಡಿಗಳನ್ನು ಪ್ರಯತ್ನಿಸಿದ್ದೇವೆ, ನಮ್ಮದಕ್ಕೂ ಅಷ್ಟೇ. ಆಯ್ಕೆಯೆಲ್ಲ ವ್ಯಾಲಿಡೇಶನ್ ಮೇಲೆ ನಡೆದಿದೆ. ಪರೀಕ್ಷೆಯ ತೋಟಗಳನ್ನು ಆಯ್ಕೆ ಮುಗಿದ ಮೇಲೆಯೇ ಮುಟ್ಟಿದ್ದೇವೆ. ಕೆಳಗಿನ ಅಂಕಗಳು 5 ಸೀಡ್‌ಗಳ ಸರಾಸರಿ. ± ಗುರುತಿನ ಮುಂದಿರುವುದು ಸ್ಟ್ಯಾಂಡರ್ಡ್ ಡೀವಿಯೇಶನ್.

ಹೋಲಿಕೆ. ನಮ್ಮ ವಿಧಾನ ಅಂದರೆ ಮೊಬೈಲ್‌ನೆಟ್‌ವಿ3-ಲಾರ್ಜ್ ಮೇಲೆ ಮೂರು ಸೇರ್ಪಡೆ: ಮಂಜು ಆಗ್ಮೆಂಟೇಶನ್, ಎಲೆಯನ್ನು ಕತ್ತರಿಸಿ ಕೊಡುವ ಕ್ರಾಪ್, ಅಟೆನ್ಶನ್ ಪೂಲಿಂಗ್. ಮೊದಲ ಎರಡಕ್ಕೆ ನೆಟ್‌ವರ್ಕ್ ಯಾವುದಾದರೂ ಆಗುತ್ತದೆ. ಅವನ್ನು ನಮ್ಮ ಮಾದರಿಗೆ ಮಾತ್ರ ಇಟ್ಟುಕೊಂಡರೆ ಹೋಲಿಕೆ ನ್ಯಾಯವಾಗುವುದಿಲ್ಲ, ಅಲ್ವಾ? ಹಾಗಾಗಿ ಉಳಿದ ಮಾದರಿಗಳಿಗೂ ಕೊಟ್ಟು, ಎರಡೂ ಅಂಕಗಳನ್ನು ತೋರಿಸಿದ್ದೇವೆ.

| ಮಾದರಿ | ಮಾಮೂಲಿ ತರಬೇತಿ | ಮಂಜು + ಕ್ರಾಪ್ |
|---|---|---|
| ರೆಸ್‌ನೆಟ್-50 | 78.6 ± 0.9 | 83.9 ± 0.7 |
| ಮೊಬೈಲ್‌ನೆಟ್‌ವಿ3-ಲಾರ್ಜ್ | 77.1 ± 1.0 | 83.6 ± 0.8 |
| ಎಫಿಶಿಯೆಂಟ್‌ನೆಟ್-ಬಿ0 | 79.4 ± 0.8 | 84.8 ± 0.6 |
| ನಮ್ಮದು | 78.8 ± 1.0 | 85.3 ± 0.7 |

ಎಡಗಡೆಯ ಅಂಕಣದ ಎದುರು ನಮ್ಮ 85.3 ಇಟ್ಟರೆ ಸುಮಾರು 6 ಅಂಕಗಳ ಗೆಲುವು ಕಾಣುತ್ತದೆ. ಸರಿಯಾದ ಹೋಲಿಕೆ ಬಲಗಡೆಯದು. ಅಲ್ಲಿ ಎಫಿಶಿಯೆಂಟ್‌ನೆಟ್‌ಗಿಂತ ನಾವು ಮುಂದಿರುವುದು 0.5 ಮಾತ್ರ, ಅದು ಸೀಡ್ ಬದಲಾದರೆ ಆಗುವ ಏರಿಳಿತದ ಒಳಗೇ ಇದೆ. ನಿಖರತೆಯಲ್ಲಿ ಗೆದ್ದೆವು ಎಂದು ನಾವು ಹೇಳುವುದಿಲ್ಲ. ಅಟೆನ್ಶನ್ ಪೂಲಿಂಗನ್ನು ಎಫಿಶಿಯೆಂಟ್‌ನೆಟ್‌ಗೂ ಹಾಕಿದಾಗ 86.0 ± 0.6 ಬಂತು. ಆದರೂ ಮೊಬೈಲ್‌ನೆಟ್ ಉಳಿಸಿಕೊಂಡದ್ದು ಲೆಕ್ಕಾಚಾರದ ಹೊರೆಗಾಗಿ: ಒಂದು ಚಿತ್ರಕ್ಕೆ ಸುಮಾರು 22 ಕೋಟಿ ಗುಣಾಕಾರ-ಸಂಕಲನ ಸಾಕು, ಎಫಿಶಿಯೆಂಟ್‌ನೆಟ್-ಬಿ0ಗೆ ಸುಮಾರು 39 ಕೋಟಿ ಬೇಕು. ತೋಟದಲ್ಲಿ ನೆಟ್‌ವರ್ಕ್ ಸಿಗದ ಜಾಗವೇ ಜಾಸ್ತಿ. ಮಾದರಿ ಫೋನಿನಲ್ಲೇ ಓಡಬೇಕು.

5. ಅಬ್ಲೇಶನ್

ಪೂರ್ತಿ ಮಾದರಿಯಿಂದ ಒಂದೊಂದೇ ಭಾಗ ತೆಗೆದಿದ್ದೇವೆ. ಪ್ರತಿ ಸಾಲಿಗೂ 20 ಜೋಡಿಗಳ ಹುಡುಕಾಟವನ್ನು ಮತ್ತೆ ಮಾಡಿದ್ದೇವೆ. ಪೂರ್ತಿ ಮಾದರಿಗೆ ಒಗ್ಗಿದ ಲರ್ನಿಂಗ್ ರೇಟನ್ನೇ ಉಳಿಸಿದ್ದರೆ, ತೆಗೆದ ಭಾಗ ಇರುವುದಕ್ಕಿಂತ ಮುಖ್ಯವಾಗಿ ಕಾಣುವ ಅಪಾಯವಿತ್ತು.

| ಬದಲಾವಣೆ | ಮ್ಯಾಕ್ರೋ ಎಫ್1 | ವ್ಯತ್ಯಾಸ |
|---|---|---|
| ಪೂರ್ತಿ ಮಾದರಿ | 85.3 ± 0.7 | – |
| ಮಂಜು ಇಲ್ಲದೆ | 81.2 ± 0.9 | −4.1 |
| ಕ್ರಾಪ್ ಇಲ್ಲದೆ | 83.4 ± 0.8 | −1.9 |
| ಅಟೆನ್ಶನ್ ಪೂಲಿಂಗ್ ಇಲ್ಲದೆ | 83.6 ± 0.8 | −1.7 |
| ಲೇಬಲ್ ಸ್ಮೂದಿಂಗ್ ಇಲ್ಲದೆ | 85.1 ± 0.7 | −0.2 |
| ಮಂಜು, ಕ್ರಾಪ್ ಎರಡೂ ಇಲ್ಲದೆ | 78.8 ± 1.0 | −6.5 |

ದೊಡ್ಡ ಪಾಲು ಮಂಜು ಆಗ್ಮೆಂಟೇಶನ್‌ದು. ಅದರ ಕಾರಣ ಪರೀಕ್ಷಿಸಲು ಚಿತ್ರಗಳನ್ನು ತಿಂಗಳ ಪ್ರಕಾರ ಬೇರ್ಪಡಿಸಿದೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 460 ಚಿತ್ರಗಳಲ್ಲಿ ಕುಸಿತ 7.4, ಉಳಿದ 840ರಲ್ಲಿ 2.1. ಮಳೆಗಾಲದ ಮಸುಕು ಬೆಳಕಿನಲ್ಲಿ ತುಕ್ಕಿನ ಕಿತ್ತಳೆ ಪುಡಿ ಬಣ್ಣ ಕಳೆದುಕೊಂಡು ಕಂದು ಚುಕ್ಕೆಯಂತೆ ಕಾಣುತ್ತದೆ. ಈ ಭಾಗ ತೆಗೆದಾಗ ಹೆಚ್ಚಿದ ತಪ್ಪುಗಳೂ ಬಹುತೇಕ ಈ ಎರಡು ವರ್ಗಗಳ ನಡುವೆಯೇ ಇವೆ.

ಮಂಜು ಮತ್ತು ಕ್ರಾಪ್‌ನ ಬೇರೆ ಬೇರೆ ಕುಸಿತ ಕೂಡಿದರೆ 6.0, ಒಟ್ಟಿಗೆ ತೆಗೆದಾಗ 6.5. ಒಂದು ಇನ್ನೊಂದರ ಕೆಲಸ ಮಾಡುತ್ತಿಲ್ಲ ಎಂದು ಇದರಿಂದ ತಿಳಿಯುತ್ತದೆ. ಲೇಬಲ್ ಸ್ಮೂದಿಂಗ್‌ನಿಂದ ಗೊತ್ತಾಗುವಂಥ ಲಾಭ ಇಲ್ಲ. ಎಲ್ಲ ಮಾದರಿಗಳಿಗೂ ಇದ್ದುದರಿಂದ ಹೋಲಿಕೆಯ ಸಮಾನತೆಗಾಗಿ ಉಳಿಸಿದ್ದೇವೆ.

ಮಂಜು ತೆಗೆದಾಗ ಐದೂ ತೋಟಗಳಲ್ಲಿ ಅಂಕ ಇಳಿಯಿತು. ಅಟೆನ್ಶನ್ ಪೂಲಿಂಗ್ ತೆಗೆದಾಗ ನಾಲ್ಕರಲ್ಲಿ ಇಳಿಯಿತು. ಐದನೆಯದು ವಿರಾಜಪೇಟೆ ಕಡೆಯ ರೋಬಸ್ಟಾ ತೋಟ. ಅಲ್ಲಿ ತುಕ್ಕಿನ ಚಿತ್ರಗಳು 31 ಮಾತ್ರ. ಹಾಗಾಗಿ ಮೇಲಿನ ಫಲಿತಾಂಶ ಅರೇಬಿಕಾಗೆ ಅನ್ವಯಿಸುತ್ತದೆ. ರೋಬಸ್ಟಾ ಬಗ್ಗೆ ಈ ಡೇಟಾದಿಂದ ಏನನ್ನೂ ಹೇಳಲು ಆಗುವುದಿಲ್ಲ.