ಬ್ಯಾಂಕಿಗೆ ಬರೆದ ಇಂಗ್ಲಿಷ್ ಇ-ಮೇಲ್: ಅಪ್ಪಾಜಿಗೆ ಕನ್ನಡದಲ್ಲಿ ಸಾರಾಂಶ

ಅಪ್ಪಾಜಿ, ನಮಸ್ಕಾರ.

ಇಂಡಿ ಶಾಖೆಯ ಮ್ಯಾನೇಜರ್‌ಗೆ ಇಂಗ್ಲಿಷಿನಲ್ಲಿ ಇ-ಮೇಲ್ ಬರೆದಿಟ್ಟಿದ್ದೇನೆ, ಇನ್ನೂ ಕಳುಹಿಸಿಲ್ಲ. ಖಾತೆ ನಿಮ್ಮದು, ಕೆಳಗೆ ಹೆಸರೂ ನಿಮ್ಮದೇ. ಆದ್ದರಿಂದ ಅದರಲ್ಲಿ ಏನಿದೆ ಎಂದು ಮೊದಲು ನೋಡಿಬಿಡಿ.

ನೀವು ಕಳುಹಿಸಿದ ಪಾಸ್‌ಬುಕ್ ಫೋಟೊದಲ್ಲಿ ಮೇ ತಿಂಗಳ ಕೊನೆಗೆ ಎರಡು ಕಡಿತಗಳಿವೆ. 20 ರೂಪಾಯಿಯದು ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅಂದರೆ ಅಪಘಾತ ವಿಮೆ. ಅದಕ್ಕೆ ನೀವೇ ಸಹಿ ಹಾಕಿದ್ದೀರಿ, 70 ವರ್ಷದವರೆಗೂ ನಡೆಯುತ್ತದೆ. ಅದರ ಬಗ್ಗೆ ತಕರಾರಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಇಲ್ಲದಿದ್ದರೆ ಎರಡನ್ನೂ ಒಟ್ಟಿಗೆ ರದ್ದು ಮಾಡಿ ಕೈತೊಳೆದುಕೊಂಡಾರು.

ತಕರಾರು ಇರುವುದು 436 ರೂಪಾಯಿಯ ಮೇಲೆ. ಅದು ಜೀವನ ಜ್ಯೋತಿ ವಿಮೆಯ ವರ್ಷದ ಕಂತು. ಆ ಯೋಜನೆಗೆ ಸೇರಲು 18ರಿಂದ 50 ವರ್ಷದೊಳಗಿರಬೇಕು, ರಕ್ಷಣೆ 55ಕ್ಕೆ ಮುಗಿಯುತ್ತದೆ. ಯೋಜನೆ ಶುರುವಾದದ್ದೇ 2015ರಲ್ಲಿ. ನೀವು ಹುಟ್ಟಿದ್ದು 1961ರಲ್ಲಿ. ಅಂದರೆ ಯೋಜನೆ ಹುಟ್ಟುವ ಹೊತ್ತಿಗೇ ನಿಮಗೆ 50 ದಾಟಿತ್ತು, ಯಾವ ವರ್ಷವೂ ನೀವು ಸೇರಲು ಬರುತ್ತಲೇ ಇರಲಿಲ್ಲ. ನಿಮ್ಮ ಜನ್ಮದಿನಾಂಕ ಬ್ಯಾಂಕಿನ ಕಡತದಲ್ಲೇ ಇದೆ. ನಾಳೆ ಅವ್ವ ಕ್ಲೇಮಿಗೆ ಹೋದರೆ ‘ವಯಸ್ಸು ಮೀರಿದೆ’ ಎನ್ನುವವರೂ ಇವರೇ, ಹಣ ಕತ್ತರಿಸುವಾಗ ಮಾತ್ರ ವಯಸ್ಸು ಕಾಣಲಿಲ್ಲ.

ಇ-ಮೇಲ್‌ನಲ್ಲಿ ಕೇಳಿರುವುದು ಇಷ್ಟು: 436 ರೂಪಾಯಿ ಖಾತೆಗೆ ಮರಳಿ ಜಮಾ ಮಾಡಬೇಕು. ಬರುವ ಮೇ ತಿಂಗಳಲ್ಲಿ ಮತ್ತೆ ತಾನಾಗಿಯೇ ಕಡಿತವಾಗದಂತೆ ಆ ಸೂಚನೆಯನ್ನು ತೆಗೆದುಹಾಕಬೇಕು. ನೀವು ಒಪ್ಪಿಗೆ ಕೊಟ್ಟಿದ್ದೀರಿ ಎನ್ನುವುದಾದರೆ ನಿಮ್ಮ ಸಹಿ ಇರುವ ಅರ್ಜಿಯ ಪ್ರತಿ ತೋರಿಸಬೇಕು. ದೂರಿನ ಸಂಖ್ಯೆಯನ್ನೂ ಕೊಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡುತ್ತೇವೆ ಎಂದು ಕೊನೆಗೆ ಸೇರಿಸಿದ್ದೇನೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ.

‘ಪರಿಚಯದ ಸಾಹೇಬರು, ಬೇಜಾರಾದಾರು’ ಎನ್ನುತ್ತೀರಿ ಎಂದು ಗೊತ್ತು. ಇ-ಮೇಲ್‌ನಲ್ಲಿ ಯಾರ ಹೆಸರೂ ಇಲ್ಲ, ಒಂದು ಕಟು ಮಾತೂ ಇಲ್ಲ. ನಿಂಬೆ ಮಾರುವಾಗ ನೂರು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ನೀವು ಇಲ್ಲಿ ಸಂಕೋಚಪಡುವುದೇಕೆ?

ನಿಮ್ಮಿಂದ ಒಂದು ಕೆಲಸ ಆಗಬೇಕು. ಅಲಮಾರಿಯಲ್ಲಿರುವ ಹಳೆಯ ಪಾಸ್‌ಬುಕ್‌ಗಳನ್ನು ತೆಗೆದು ಪ್ರತಿ ವರ್ಷದ ಮೇ, ಜೂನ್ ಪುಟ ನೋಡಿ. 2022ಕ್ಕಿಂತ ಮೊದಲು ಈ ಕಂತು 330 ರೂಪಾಯಿ ಇತ್ತು. 436 ಅಥವಾ 330 ಎಂದು ಎಲ್ಲಿ ಕಂಡರೂ ಆ ಪುಟದ ಫೋಟೊ ಕಳುಹಿಸಿ, ಅದನ್ನೂ ಮರಳಿ ಕೇಳೋಣ. ಈ ನಡುವೆ ಬ್ಯಾಂಕಿನವರೆಂದು ಹೇಳಿ ಯಾರಾದರೂ ಫೋನ್ ಮಾಡಿ ಒಟಿಪಿ ಕೇಳಿದರೆ ಕೊಡಬೇಡಿ. ಹಣ ಮರಳಿಸಲು ಒಟಿಪಿ ಬೇಕಿಲ್ಲ.

ಫೋಟೊ ಬಂದ ಕೂಡಲೇ ಆ ಮೊತ್ತವನ್ನು ಸೇರಿಸಿ, ನೀವು ಹೂಂ ಎಂದ ಮೇಲೆ ಕಳುಹಿಸುತ್ತೇನೆ.

ನಿಮ್ಮ ಮಗಳು,
ಗೀತಾ
ಬೆಳಗಾವಿ