ನೈಸರ್ಗಿಕ ಬಣ್ಣದ ಇಳಕಲ್ ಸೀರೆ: ನಾಲ್ಕು ಹೊಸ ಮೈಬಣ್ಣ, ಅದೇ ಕೆಂಪು ತೋಪು ತೆನಿ ಸೆರಗು

ಇಳಕಲ್ ಸೀರೆಯ ಬಣ್ಣ ಗಟ್ಟಿಯೋ ಇಲ್ಲವೋ ಅಂತ ನೋಡಬೇಕಾದರೆ ಮೈ ನೋಡಬೇಡಿ, ಸೆರಗಿನ ಕೆಂಪು ಪಟ್ಟೆಗಳ ನಡುವಿನ ಬಿಳಿ ನೋಡಿ. ಕೆಂಪು ರೇಷ್ಮೆ ಒಂದಿಷ್ಟು ಬಣ್ಣ ಬಿಟ್ಟರೂ ಮೊದಲ ಒಗೆತಕ್ಕೇ ಆ ಬಿಳಿ ಗುಲಾಬಿ ಆಗುತ್ತದೆ. ಈ ಸಂಗ್ರಹದಲ್ಲಿ ನಮ್ಮ ಹೆಚ್ಚಿನ ಸಮಯ ಹೋಗಿದ್ದು ಆ ಕೆಂಪಿಗೇ.

ಮೈ ಪೂರ್ತಿ ಹತ್ತಿ. ಉದ್ದದ ಎಳೆಯಾದ ಹಾಸು, ಅಡ್ಡ ಎಳೆಯಾದ ಹೊಕ್ಕು ಎರಡೂ 80ರ ನಂಬರಿನ ನೂಲು. ಅಂಚು ನಾಲ್ಕು ಇಂಚು, ಚಿಕ್ಕಿ ಪರಾಸ ಮಾದರಿ, ರೇಷ್ಮೆಯದು. ಸೆರಗೂ ರೇಷ್ಮೆ, ಸುಮಾರು 22 ಇಂಚು. ಜರಿ ಇಲ್ಲ. ಕುಣಿಮಗ್ಗದಲ್ಲಿ ನೇಯ್ದ ಸೀರೆ, ರವಿಕೆ ಬಟ್ಟೆ ಸೇರಿ ಸುಮಾರು 400 ಗ್ರಾಂ ತೂಗುತ್ತದೆ.

ತೋಪು ತೆನಿ ಎನ್ನುವ ಈ ಕೆಂಪು-ಬಿಳಿ ಸೆರಗಿನ ಹಾಸೇ ಬೇರೆ. ಮೈಯ ಹತ್ತಿ ಎಳೆ ಮುಗಿಯುವಲ್ಲಿ ಸೆರಗಿನ ಕೆಂಪು ರೇಷ್ಮೆ ಎಳೆಯನ್ನು ಒಂದಕ್ಕೊಂದು ಕೊಂಡಿ ಹಾಕಿ ಸೇರಿಸುತ್ತಾರೆ. ಹಾಗಾಗಿ ಒಂದು ಹಾಸಿನಲ್ಲಿ ಒಂದೇ ಸೀರೆ. ಉದ್ದನೆಯ ಹಾಸು ಹೂಡಿ ಸಾಲಾಗಿ ಹತ್ತು ಸೀರೆ ಇಳಿಸಲು ಬರುವುದಿಲ್ಲ. ಬೆಲೆಯ ದೊಡ್ಡ ಪಾಲು ಇಲ್ಲಿಯೇ ಇದೆ. ಸೆರಗಿನಲ್ಲಿ ಮೂರು ಕೆಂಪು ಪಟ್ಟೆ, ನಡುವೆ ಎರಡು ಬಿಳಿ ಪಟ್ಟೆ. ಅವು ಕೂಡುವ ಕಡೆ ಹಲ್ಲುಹಲ್ಲಾಗಿ ಕಾಣುವುದು ಹಣಿಗೆ. ಕೋಟೆ ತೆನೆ, ಜೋಳದ ತೆನೆ, ಬೆಟ್ಟದ ಸಾಲಿನ ರೂಪಗಳೂ ಇಳಕಲ್‌ನಲ್ಲಿವೆ, ಈ ಬಾರಿ ಹಣಿಗೆ ಮಾತ್ರ ಮಾಡಿಸಿದ್ದೇವೆ. ಯಾವ ಅಂಗಡಿಯಲ್ಲಿ ಕೊಂಡರೂ ಸೆರಗಿನ ಕುಚ್ಚು ನೋಡಿ: ತುದಿಯಲ್ಲಿ ಇಳಿಬಿದ್ದ ಎಳೆ ಕೆಂಪು ರೇಷ್ಮೆಯಾಗಿದ್ದರೆ ಹಾಸು ಬದಲಾಗಿದೆ ಅಂತ ಅರ್ಥ. ಎಳೆ ಮೈಬಣ್ಣದ್ದೇ ಆಗಿದ್ದರೆ ಅದು ತೋಪು ತೆನಿಯಲ್ಲ, ಅಡ್ಡ ಎಳೆಯಲ್ಲಿ ಮಾತ್ರ ಬಣ್ಣ ಬದಲಿಸಿದ್ದಾರೆ.

ಇನ್ನು ಬಣ್ಣ. ಹತ್ತಿಗೆ ನೈಸರ್ಗಿಕ ಬಣ್ಣ ಸುಮ್ಮನೆ ಹತ್ತುವುದಿಲ್ಲ. ಲಡಿಯನ್ನು ಸೋಡಾ ಹಾಕಿ ಕುದಿಸಿ ಮೇಣ ತೆಗೆದು, ಅಳಲೆಕಾಯಿ ಪುಡಿಯ ನೀರಿನಲ್ಲಿ ನೆನೆಸಿ (ಒಂದು ಕಿಲೋ ನೂಲಿಗೆ 200 ಗ್ರಾಂ), ಒಣಗಿಸಿ, ಆಮೇಲೆ ಪಟಕ ಕೊಡುತ್ತಾರೆ, ಕಿಲೋಗೆ 150 ಗ್ರಾಂ. ಮೇಣ ಪೂರ್ತಿ ಹೋಗಿರದಿದ್ದರೆ ಬಣ್ಣ ಅಲ್ಲಲ್ಲಿ ಮಾತ್ರ ಹಿಡಿದು ಸೀರೆಯಲ್ಲಿ ಅಡ್ಡಗೆರೆ ಏಳುತ್ತದೆ. ಅಂಥ ಲಡಿ ಮಗ್ಗಕ್ಕೆ ಹೋಗುವುದಿಲ್ಲ.

ಇಟ್ಟಿಗೆ ಕೆಂಪು ಮೈ ಮಂಜಿಷ್ಠದ ಬೇರಿನದು. ಬಾನಿ ಕುದಿಯಬಾರದು, 70 ಡಿಗ್ರಿ ದಾಟಿದರೆ ಕಂದು ಬಣ್ಣವೂ ಬಿಟ್ಟುಕೊಂಡು ಕೆಂಪು ಮಂಕಾಗುತ್ತದೆ. ಹಳದಿ ದಾಳಿಂಬೆ ಸಿಪ್ಪೆಯದು. ಅರಿಸಿನ ಬೇಡವೇ ಅಂತ ಕೇಳುವವರಿದ್ದಾರೆ: ಬೇಡ, ಬಿಸಿಲಿಗೆ ಬೇಗ ಮಾಸುತ್ತದೆ, ಸಾಬೂನು ತಾಗಿದರೆ ಕೆಂಪಾಗುತ್ತದೆ. ನೀಲಿಗೆ ನೀಲಿ ಗಿಡದ ಬಾನಿ. ಅದಕ್ಕೆ ಪಟಕ ಬೇಕಿಲ್ಲ. ಅದ್ದಿ ಎತ್ತಿದಾಗ ಲಡಿ ಹಸಿರಾಗಿರುತ್ತದೆ, ಗಾಳಿಗೆ ಹಿಡಿದಂತೆ ನೀಲಿಗೆ ತಿರುಗುತ್ತದೆ. ಒಂದೇ ಸಲ ದಟ್ಟ ಬಾನಿಗೆ ಹಾಕಿದರೆ ಬಣ್ಣ ಮೇಲ್ಮೇಲೆ ಕೂತು ಉಟ್ಟವರ ಮೈಗೆ ಹತ್ತುತ್ತದೆ, ಅದಕ್ಕೇ ತೆಳು ಬಾನಿಯಲ್ಲಿ ಆರು ಅದ್ದು. ಕಪ್ಪು ಬಂದಿದ್ದು ಕಬ್ಬಿಣದ ಚೂರು ಮತ್ತು ಬೆಲ್ಲವನ್ನು ನೀರಲ್ಲಿ ಹುಳಿ ಬರಿಸಿ, ಅಳಲೆ ಕುಡಿದ ನೂಲನ್ನು ಅದರಲ್ಲಿ ಅದ್ದಿ. ಕಬ್ಬಿಣ ಹೆಚ್ಚಾದರೆ ನೂಲು ವರ್ಷಗಳಲ್ಲಿ ಲಡ್ಡಾಗುತ್ತದೆ. ಹಾಗಾಗಿ ನಮ್ಮ ಕಪ್ಪು ಕಾಡಿಗೆಯಷ್ಟು ಕಪ್ಪಲ್ಲ, ಸ್ವಲ್ಪ ಬೂದು ಛಾಯೆ ಇದೆ.

ಸೆರಗು, ಅಂಚಿನ ಕೆಂಪಿಗೆ ಅರಗು. ರೇಷ್ಮೆ ಅದನ್ನು ಚೆನ್ನಾಗಿ ಹಿಡಿಯುತ್ತದೆ. ತೊಳೆದ ನೀರು ತಿಳಿಯಾಗುವವರೆಗೂ ಲಡಿ ಜಾಲಿಸಿ, ಬಿಳಿ ನೂಲಿನ ಜೊತೆ ನೆನೆಸಿ ನೋಡಿದ ಮೇಲೆಯೇ ಹಾಸು ಹೂಡಲು ಕೊಟ್ಟಿದೆ.

ಕೈಗೆ ಸೀರೆ ಮೊದಲು ಗರಿಗರಿಯಾಗಿ, ತುಸು ಬಿರುಸಾಗಿ ಸಿಗುತ್ತದೆ. ಅದು ಹಾಸಿನ ಎಳೆಗೆ ಹಚ್ಚಿದ ಗಂಜಿ. ಎರಡು ಮೂರು ಒಗೆತದಲ್ಲಿ ಗಂಜಿ ಹೋಗಿ ಮೆತ್ತಗಾಗುತ್ತದೆ, ನೆರಿಗೆ ಮೈಗೆ ಅಂಟಿ ನಿಲ್ಲುತ್ತದೆ. ನೀಲಿ ಮತ್ತು ಹಳದಿಯ ಸೀರೆಗಳನ್ನು ಬೆಳಕಿಗೆ ಹಿಡಿದರೆ ಆಚೆ ಕಾಣುತ್ತದೆ, ಒಳಲಂಗ ಅದೇ ಬಣ್ಣದ್ದಿರಲಿ.

ಒಗೆಯುವುದು ತಣ್ಣೀರಲ್ಲಿ, ಅಂಟುವಾಳದ ನೀರು ಅಥವಾ ಕ್ಷಾರವಿಲ್ಲದ ಲಿಕ್ವಿಡ್‌ನಲ್ಲಿ. ಬಟ್ಟೆ ಸಾಬೂನು, ವಾಷಿಂಗ್ ಸೋಡಾ ಬೇಡ, ಅರಗಿನ ಕೆಂಪು ನೇರಳೆಗೆ ತಿರುಗುತ್ತದೆ. ಕಪ್ಪು ಸೀರೆಯ ಮೇಲೆ ನಿಂಬೆರಸ, ಹುಣಸೆಹುಳಿ ಬಿದ್ದರೆ ತಕ್ಷಣ ನೀರು ಹಾಕಿ, ಒಣಗಿದರೆ ಆ ಜಾಗ ಬಿಳಿಚಿಕೊಳ್ಳುತ್ತದೆ. ನೀಲಿ ಸೀರೆ ಮೊದಲ ಸಲ ಉಟ್ಟಾಗ ತಿಳಿ ಬಣ್ಣದ ರವಿಕೆ ಬೇಡ. ನೆರಳಲ್ಲಿ ಒಳಮೈ ಹೊರಗೆ ಮಾಡಿ ಒಣಗಿಸಿ.

ಒಟ್ಟು 36 ಸೀರೆಗಳಿವೆ: ಇಟ್ಟಿಗೆ ಕೆಂಪು 12, ನೀಲಿ 10, ಹಳದಿ 8, ಕಪ್ಪು 6. ಬೆಲೆ ₹7,400, ಕಪ್ಪು ₹7,800, ಅಂಚೆ ವೆಚ್ಚ ಸೇರಿ. ಒಂದೇ ಬಣ್ಣದ ಎರಡು ಸೀರೆಗಳ ಛಾಯೆ ಕೂಡ ತುಸು ಬೇರೆಯಿರುತ್ತದೆ, ಆದ್ದರಿಂದ ಹಗಲು ಬೆಳಕಿನಲ್ಲಿ ತೆಗೆದ ಆಯಾ ಸೀರೆಯದೇ ಫೋಟೊ ಕಳಿಸುತ್ತೇವೆ. ಬಣ್ಣದ ಹೆಸರು ಬರೆದು ಮೆಸೇಜ್ ಮಾಡಿ. ಆರ್ಡರ್ ಶನಿವಾರ ಬೆಳಿಗ್ಗೆ 10ಕ್ಕೆ ಶುರು. ಸೀರೆ ತಲುಪಿದ ಏಳು ದಿನದೊಳಗೆ, ನೀರಿಗೆ ಹಾಕದಿದ್ದರೆ, ವಾಪಸ್ ತೆಗೆದುಕೊಳ್ಳುತ್ತೇವೆ. ಮುಗಿದ ಬಣ್ಣಕ್ಕೆ ಮುಂಗಡ ಪಡೆಯುತ್ತಿಲ್ಲ. ಮುಂದಿನ ಹಾಸು ದೀಪಾವಳಿ ಮುಗಿದ ಮೇಲೆಯೇ.